ಸಾರಣೆಗೆ ಮೊದಲು ಕೂರುವ ಪೆಟ್ಟಿಗೆ

ಮಂಗಳೂರಿನಲ್ಲಿ ಮನೆಯ ಹೊರಗೋಡೆ ಕೆಂಪುಕಲ್ಲಿನದಾದರೂ ಒಳಗಿನ ಅಡ್ಡಗೋಡೆಗೆ ನಾಲ್ಕೂವರೆ ಇಂಚಿನ ಇಟ್ಟಿಗೆ ಕಟ್ಟಿಸುವವರಿದ್ದಾರೆ. ಸ್ವಿಚ್ ಬಾಕ್ಸ್ ಕೂರಿಸುವಾಗ ಹುಷಾರಾಗಿರಬೇಕಾದ್ದು ಇಂಥ ಗೋಡೆಯಲ್ಲೇ. ಹಿಂಬದಿಯ ಗಾರೆಯೂ ಸೇರಿ ಹತ್ತಿರ ಎರಡು ಇಂಚು ಆಳ ಬೇಕು. ಸುತ್ತಿಗೆ ಬೀಸಿ ಗುದ್ದಿದರೆ ಗೋಡೆ ಆಚೆ ಬದಿಗೆ ಸೀಳುತ್ತದೆ. ಅದಕ್ಕೇ ಮೊದಲು ಕಟ್ಟರ್‌ನಲ್ಲಿ ನಾಲ್ಕೂ ಅಂಚು ಕೊರೆದು, ಆಮೇಲೆ ಉಳಿಯಿಂದ ಮೆಲ್ಲಗೆ ಬಿಡಿಸುತ್ತಾರೆ.

ಎತ್ತರವನ್ನು ನೆಲದಿಂದ ಅಳೆದರೆ ಕೆಟ್ಟಿತು. ಟೈಲ್ಸ್ ಇನ್ನೂ ಬಂದಿರುವುದಿಲ್ಲ, ನೆಲ ಒಂದೊಂದು ಕಡೆ ಒಂದೊಂದು ಮಟ್ಟ. ನೀರುಮಟ್ಟದ ಪೈಪ್ ಹಿಡಿದು ಎಲ್ಲ ಕೋಣೆಗೂ ಒಂದೇ ಗೆರೆ ಎಳೆದುಕೊಂಡು, ಟೈಲ್ಸ್ ಮುಗಿದ ಮೇಲಿನ ನೆಲದಿಂದ ನಾಲ್ಕು ಅಡಿ ಬರುವಂತೆ ಗುರುತು ಹಾಕಬೇಕು.

ನಿಜವಾದ ಜಾಣತನ ಬೇಕಾಗುವುದು ಮುಂದಿನ ಹೆಜ್ಜೆಗೆ. ಬಾಕ್ಸಿನ ಬಾಯಿ ಸರಿಹೊಂದಬೇಕಾದ್ದು ಈಗ ಕಾಣುವ ಇಟ್ಟಿಗೆಗಲ್ಲ, ಮುಂದೆ ಬರಲಿರುವ ಸಾರಣೆಗೆ. ಎಂಟು ಅಡಿ ಎತ್ತರದ ಗೋಡೆಯೊಂದು ತೂಕಗುಂಡಿಗೆ ಎಂಟು ಮಿ.ಮೀ. ವಾಲಿದೆ ಎನ್ನೋಣ. ಮೇಲೆ 12 ಮಿ.ಮೀ. ಸಾರಣೆ ಬಂದರೆ ಕೆಳಗೆ 20 ಬರುತ್ತದೆ, ನಾಲ್ಕು ಅಡಿ ಎತ್ತರದಲ್ಲಿ 16. ಅಲ್ಲಿ 12ರ ಲೆಕ್ಕದಲ್ಲಿ ಕೂರಿಸಿದ ಬಾಕ್ಸ್ ಸಾರಣೆಯೊಳಗೆ ಹುಗಿದುಹೋಗುತ್ತದೆ, ಪ್ಲೇಟಿನ ಸ್ಕ್ರೂ ಎಟುಕುವುದಿಲ್ಲ. ಮುಂದೆ ಚಾಚಿದರೆ ಇನ್ನೂ ಕಷ್ಟ, ಪ್ಲೇಟ್ ಗೋಡೆಗೆ ಅಂಟುವುದೇ ಇಲ್ಲ. ಮೇಸ್ತ್ರಿ ಸಾರಣೆಯ ದಪ್ಪಕ್ಕೆ ಇಟ್ಟ ಗುರುತುಗಳ ನಡುವೆ ನೂಲು ಬಿಗಿದು, ಆ ನೂಲಿಗಿಂತ ಒಂದು ಮಿ.ಮೀ. ಒಳಗೆ ಬಾಕ್ಸಿನ ಅಂಚು ನಿಲ್ಲಿಸುವುದೇ ಸರಿ. ವೈರಿಂಗ್‌ನವರೂ ಮೇಸ್ತ್ರಿಯೂ ಹತ್ತು ನಿಮಿಷ ಒಟ್ಟಿಗೆ ನಿಂತರೆ ಈ ತೊಂದರೆಯೇ ಬಾರದು.

ಕುಳಿಯನ್ನು ಬಾಕ್ಸಿಗಿಂತ ಸುತ್ತಲೂ ಅರ್ಧ ಇಂಚು ದೊಡ್ಡದು ಮಾಡಿ, ಧೂಳು ಗುಡಿಸಿ, ನೀರು ಕುಡಿಸಬೇಕು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಟ್ಟರೆ ಬಾಕ್ಸ್ ಸಡಿಲವಾದ ಹಲ್ಲಿನಂತೆ ಅಲ್ಲಾಡುತ್ತದೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಹೊಯಿಗೆಯ ಗಾರೆ ಸಾಕು. ಪೈಪಿನ ತುದಿ ಒಳಗೆ ಬಂದದ್ದು ನೋಡಿ, ಇಟ್ಟಿಗೆ ಚೂರು ಸಿಕ್ಕಿಸಿ, ಮೇಲಂಚಿಗೆ ರಸಮಟ್ಟ ಇಡಬೇಕು. ಗುಳ್ಳೆ ನಡುವಿಗೆ ಬಂದ ಮೇಲೆ, ಮಟ್ಟವನ್ನು ಪಕ್ಕದಂಚಿಗೂ ನೆಟ್ಟಗೆ ಹಿಡಿದು ನೋಡಬೇಕು. ಗಾರೆ ತುಂಬಿದ ಮೇಲೆ ಮತ್ತೊಮ್ಮೆ ನೋಡಲೇಬೇಕು, ಕರಣೆಯ ಒತ್ತಿಗೆ ಬಾಕ್ಸ್ ಕದಲುವುದು ಆಗಲೇ.

ಉದ್ದದ ತಗಡಿನ ಬಾಕ್ಸಿಗೆ ಇನ್ನೊಂದು ಕಾಟ. ಗಾರೆಯ ಒತ್ತಡಕ್ಕೆ ಅದರ ಮೇಲಂಚು ಕೆಳಂಚು ನಡುವಿನಲ್ಲಿ ಒಳಕ್ಕೆ ಬಾಗುತ್ತವೆ, ಕೊನೆಗೆ ಪ್ಲೇಟೇ ಹಿಡಿಸುವುದಿಲ್ಲ. ಅಳತೆಗೆ ಕೊಯ್ದ ಮರದ ತುಂಡೊಂದನ್ನು ಒಳಗೆ ಅಡ್ಡ ಕೊಟ್ಟು, ಉಳಿದ ಜಾಗಕ್ಕೆ ಕಾಗದ ತುರುಕಿದರೆ ಸಾರಣೆಯ ಗಾರೆಯೂ ಪೈಪಿಗೆ ಇಳಿಯದು.

ಮಳೆ ಹೊಡೆಯುವ ಪಡುಗೋಡೆಯಲ್ಲಿ ಮಾತ್ರ ಬಾಕ್ಸ್ ಇಡದಿರುವುದೇ ಲೇಸು. ಅಲ್ಲಿ ಒಸರಿದ ನೀರು ಪೈಪ್ ಹಿಡಿದು ನೇರ ಸ್ವಿಚ್ಚಿಗೇ ಇಳಿಯುತ್ತದೆ, ತಗಡಿಗೆ ತುಕ್ಕು ಹಿಡಿಯುತ್ತದೆ.