ಅರ್ಧಕ್ಕೂ ಒಂದು ಫ್ಯಾಕ್ಟೋರಿಯಲ್

ನಾಲ್ಕು ಪುಸ್ತಕಗಳನ್ನು ಸಾಲಾಗಿ ಜೋಡಿಸಲು 4×3×2×1, ಅಂದರೆ 24 ದಾರಿಗಳಿವೆ. ಇದೇ 4!, ನಾಲ್ಕರ ಫ್ಯಾಕ್ಟೋರಿಯಲ್. ಅರ್ಧ ಪುಸ್ತಕವನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಕೇಳಿದರೆ ನಗು ಬರುತ್ತದೆ. ಆದರೂ ಅರ್ಧದ ಫ್ಯಾಕ್ಟೋರಿಯಲ್‌ಗೆ ಬೆಲೆಯಿದೆ: ಸುಮಾರು 0.886. ಇಂಥ ಬೆಲೆಗಳಿಗೆ ದಾರಿ ತೋರಿದವನು ಲಿಯೊನಾರ್ಡ್ ಆಯ್ಲರ್. 1729–30ರಲ್ಲಿ ಗೋಲ್ಡ್‌ಬಾಕ್‌ಗೆ ಬರೆದ ಪತ್ರಗಳಲ್ಲಿ. ಅವನು ಕೊಟ್ಟ ಅನುಕಲವನ್ನು ಇಂದು ಹೀಗೆ ಬರೆಯುತ್ತೇವೆ:

x! = ∫₀^∞ tˣ e⁻ᵗ dt

t ಹೆಚ್ಚಿದಂತೆ e⁻ᵗ ಎಷ್ಟು ಬೇಗ ಕುಗ್ಗುತ್ತದೆಂದರೆ, tˣ ಎಷ್ಟೇ ಬೆಳೆದರೂ ರೇಖೆಯ ಕೆಳಗಿನ ವಿಸ್ತೀರ್ಣ ಮಿತಿಯಲ್ಲೇ ಉಳಿಯುತ್ತದೆ. x ಸೊನ್ನೆಯಾದರೆ ಆ ವಿಸ್ತೀರ್ಣ 1. ಪಿಯುಸಿಯಲ್ಲಿ ಕಲಿಸುವ ಭಾಗಶಃ ಅನುಕಲನವನ್ನು ಒಮ್ಮೆ ಬಳಸಿದರೆ x! = x·(x−1)! ಎಂಬ ಹಳೆಯ ನಿಯಮವೇ ಕೈಗೆ ಬರುತ್ತದೆ. ಹಾಗಾಗಿ ಪೂರ್ಣಾಂಕಗಳಲ್ಲಿ 1, 2, 6, 24 ಎಲ್ಲವೂ ಯಥಾಸ್ಥಿತಿ. ಭಿನ್ನರಾಶಿಗಳಿಗೆ ಸೂತ್ರ ಹೊಸದನ್ನು ಹೇಳುತ್ತದೆ. x = −1/2 ಆದಾಗ t ಬದಲು u² ಇಟ್ಟರೆ, ಅನುಕಲ ಸಂಖ್ಯಾಶಾಸ್ತ್ರದ ಗಂಟೆಯಾಕಾರದ ರೇಖೆಯ ವಿಸ್ತೀರ್ಣವಾಗಿ ಬದಲಾಗುತ್ತದೆ; ಉತ್ತರ √π. ಅದರ ಅರ್ಧವೇ (1/2)!. ವೃತ್ತವೇ ಇಲ್ಲದ ಕಡೆ ಪೈ ಬಂದು ಕೂತಿದೆ!

x ಸಂಮಿಶ್ರ ಸಂಖ್ಯೆಯಾದರೂ ತೊಡಕಿಲ್ಲ. ಅದರ ಕಾಲ್ಪನಿಕ ಭಾಗ tˣ ಅನ್ನು ತಿರುಗಿಸುತ್ತದೆಯೇ ಹೊರತು ಹಿಗ್ಗಿಸುವುದಿಲ್ಲ. ಲೆಕ್ಕ ಹಾಕಿದರೆ i! ಸುಮಾರು 0.498 − 0.155i.

ತೊಂದರೆ ಇರುವುದು t ಸೊನ್ನೆಗೆ ಹತ್ತಿರವಾಗುವ ತುದಿಯಲ್ಲಿ. x ನ ವಾಸ್ತವ ಭಾಗ −1 ಅಥವಾ ಅದಕ್ಕಿಂತ ಕಡಿಮೆಯಾದರೆ tˣ ಅಲ್ಲಿ ವಿಪರೀತ ಏರಿ, ಅನುಕಲಕ್ಕೆ ಬೆಲೆಯೇ ಇರುವುದಿಲ್ಲ. ಆದರೆ ನಿಯಮವನ್ನು ತಿರುಗಿಸಿ (x−1)! = x!/x ಎಂದು ಬರೆದುಕೊಂಡರೆ, ಗೊತ್ತಿರುವ ಬೆಲೆಯಿಂದ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡಬಹುದು. (−3/2)! ಬೇಕೇ? √π ಅನ್ನು −1/2 ರಿಂದ ಭಾಗಿಸಿ: −2√π, ಸುಮಾರು −3.545. ವಿಸ್ತೀರ್ಣಕ್ಕೆ ಋಣಚಿಹ್ನೆ ಹೇಗೆ ಬಂತು ಎಂದು ಗಾಬರಿಯಾಗಬೇಕಿಲ್ಲ. ಇಲ್ಲಿ ಮಾತಾಡುತ್ತಿರುವುದು ನಿಯಮ, ಅನುಕಲವಲ್ಲ.

ಇದೇ ದಾರಿಯಲ್ಲಿ (−1)! ಹುಡುಕಿದರೆ 0! ಅನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಅಲ್ಲೇ ಮೊದಲ ಪೋಲ್. x = −0.99 ಆದಾಗ ಬೆಲೆ ಸುಮಾರು 99.4; −1.01 ಆದಾಗ ಸುಮಾರು −100.6. ಒಂದು ಬದಿಯಲ್ಲಿ ಮುಗಿಲಿಗೆ, ಇನ್ನೊಂದು ಬದಿಯಲ್ಲಿ ಪಾತಾಳಕ್ಕೆ. ಮುಂದಿನ ಪ್ರತಿ ಹೆಜ್ಜೆಯೂ ಈ ಬಿರುಕನ್ನು −2, −3, −4 ಕ್ಕೆ ದಾಟಿಸುತ್ತದೆ. ಇಡೀ ಸಂಮಿಶ್ರ ತಲದಲ್ಲಿ ಬೇರೆಲ್ಲೂ ಪೋಲ್ ಇಲ್ಲ. (ಲೆಜಾಂಡ್ರ್ ಕೊಟ್ಟ ಗ್ಯಾಮಾ ಚಿಹ್ನೆಯಲ್ಲಿ Γ(x) ಅಂದರೆ (x−1)!; ಹಾಗಾಗಿ ಪುಸ್ತಕಗಳಲ್ಲಿ ಪೋಲ್‌ಗಳು 0, −1, −2 ಎಂದು ಕಾಣುತ್ತವೆ. ಈ ಒಂದರ ಅಂತರ ವಿದ್ಯಾರ್ಥಿಗಳನ್ನು ಇಂದಿಗೂ ಕಾಡುತ್ತದೆ.)

ಪೋಲ್‌ಗಳೆಲ್ಲ ಒಂದೇ ಬಿರುಸಿನವಲ್ಲ. −1 ರ ಬಳಿ x! ಸರಿಸುಮಾರು 1/(x+1) ನಂತೆ ವರ್ತಿಸುತ್ತದೆ. −2, −3, −4 ರ ಬಳಿ ಅಂಶದ ಜಾಗದಲ್ಲಿ ಕ್ರಮವಾಗಿ −1, 1/2, −1/6 ನಿಲ್ಲುತ್ತವೆ. ಛೇದಗಳನ್ನು ನೋಡಿ: 1, 1, 2, 6. ಅವು 0!, 1!, 2!, 3!.