ಟೊಮೆಟೊ ಬೆಲೆಗೆ ಮಿತಿ ಹಾಕಿದರೆ

ಸಂತೆಯಲ್ಲಿ ಟೊಮೆಟೊ ಬೆಲೆ ಕೊಳ್ಳುವವರ ಮತ್ತು ಮಾರುವವರ ಚೌಕಾಸಿಯಲ್ಲಿ ನಿಲ್ಲುತ್ತದೆ. ಬೆಲೆ ಏರಿದರೆ ಕೊಳ್ಳುವವರು ಎರಡು ಕಿಲೋ ಬದಲು ಒಂದು ಕಿಲೋ ಒಯ್ಯುತ್ತಾರೆ, ಕೆಲವರು ಹುಣಸೆಹುಳಿಯಲ್ಲೇ ಸಾರು ಮುಗಿಸುತ್ತಾರೆ. ಬೆಳೆಗಾರರಿಗೆ ಮಾತ್ರ ಹೆಚ್ಚು ತರುವ ಉಮೇದು ಬರುತ್ತದೆ.

ಒಂದು ಊಹೆಯ ಲೆಕ್ಕ ನೋಡಬಹುದು. ಕಿಲೋಗೆ 20 ರೂಪಾಯಿ ಇದ್ದಾಗ ಜನ 500 ಕಿಲೋ ಕೇಳುತ್ತಾರೆ, ಮಾರಾಟಕ್ಕೆ ಬರುವುದು 300 ಕಿಲೋ. 30 ರೂಪಾಯಿಗೆ ಎರಡೂ 400 ಕಿಲೋ. 40 ರೂಪಾಯಿಗೆ ಕೇಳುವವರು 300 ಕಿಲೋಗಿಳಿದರೆ, ಬರುವ ಮಾಲು 500 ಕಿಲೋ. ಬೇಡಿಕೆ ಮತ್ತು ಪೂರೈಕೆ ಸರಿಹೊಂದುವ 30 ರೂಪಾಯಿಯೇ ಇಲ್ಲಿ ಸಮತೋಲನ ಬೆಲೆ.

ಈಗ ಸರ್ಕಾರ 20 ರೂಪಾಯಿಗಿಂತ ಹೆಚ್ಚಿಗೆ ಮಾರಬಾರದೆಂದು ಆಜ್ಞೆ ಹೊರಡಿಸಿತು ಎನ್ನೋಣ. ಆಗ ಎಷ್ಟು ಕಿಲೋ ಮಾರಾಟವಾಗುತ್ತದೆ? ಪರೀಕ್ಷೆಯಲ್ಲಿ ಅನೇಕರು 500 ಎಂದು ಬರೆಯುತ್ತಾರೆ. ಸರಿಯುತ್ತರ 300, ಏಕೆಂದರೆ ಇಲ್ಲದ ಮಾಲನ್ನು ಯಾರೂ ಕೊಳ್ಳಲಾರರು. ಉಳಿದ 200 ಕಿಲೋ ಕೊರತೆ. ಬೆಳಿಗ್ಗೆ ಬೇಗ ಬಂದವರಿಗೆ, ಅಂಗಡಿಯವನ ಪರಿಚಯದವರಿಗೆ ಅಗ್ಗದ ಹಣ್ಣು ಸಿಗುತ್ತದೆ. ಕೆಲಸ ಮುಗಿಸಿ ಸಂಜೆ ಬರುವ ಕೂಲಿಯವಳು ಬರಿಗೈಲಿ ಹೋಗುತ್ತಾಳೆ. ಮಿತಿಯನ್ನು 40 ರೂಪಾಯಿಗೆ ಇಟ್ಟರೆ ಏನೂ ಆಗದು, ಬೆಲೆ ಮೊದಲೇ ಅದಕ್ಕಿಂತ ಕೆಳಗಿದೆ.

ಪುಸ್ತಕದ ರೇಖೆಗಳು ಕಾಲವನ್ನು ತೋರಿಸುವುದಿಲ್ಲ, ಇದನ್ನು ಗಮನಿಸಬೇಕು. ಕಿತ್ತು ತಂದ ಟೊಮೆಟೊ ಕೆಲವೇ ದಿನದಲ್ಲಿ ಕೊಳೆಯುವುದರಿಂದ ರೈತ ಇಂದು ಸಿಕ್ಕ ಬೆಲೆಗೆ ಮಾರಿಯೇ ಹೋಗುತ್ತಾನೆ. ಮಿತಿಯ ಪೂರ್ಣ ಪೆಟ್ಟು ಕಾಣುವುದು ಮುಂದಿನ ನಾಟಿಯಲ್ಲಿ. ಸಸಿ ನೆಟ್ಟು ಕೊಯ್ಲಿಗೆ ಬರಲು ಎರಡು ತಿಂಗಳಿಗೂ ಮಿಕ್ಕಿ ಬೇಕು. ಕೈಸುಟ್ಟುಕೊಂಡವರು ಬೇರೆ ಬೆಳೆ ಇಡುತ್ತಾರೆ.

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿದಾಗ ಕೇಂದ್ರ ಸರ್ಕಾರ ಇಂಥ ಮಿತಿ ಹಾಕಲಿಲ್ಲ. ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಖರೀದಿಸಿ ದೆಹಲಿ ಮುಂತಾದ ಕಡೆ ಮೊದಲು ಕಿಲೋಗೆ 90 ರೂಪಾಯಿಯಂತೆ, ಆಮೇಲೆ ಇನ್ನೂ ಇಳಿಸಿ ಮಾರಿಸಿತು. ನಷ್ಟ ಖಜಾನೆಯದಾಯಿತು, ರೈತನ ಬೆಲೆಗೆ ಕತ್ತರಿ ಬೀಳಲಿಲ್ಲ. ಆ ಮಟ್ಟಿಗೆ ಇದು ಆಜ್ಞೆಗಿಂತ ಒಳ್ಳೆಯ ದಾರಿ.

ಕನಿಷ್ಠ ಬೆಲೆಯ ಕಥೆ ತಿರುಗಾಮುರುಗಾ. ಅದೇ ಸಂತೆಯಲ್ಲಿ 40 ರೂಪಾಯಿಗಿಂತ ಕಡಿಮೆಗೆ ಮಾರಬಾರದೆಂದರೆ 200 ಕಿಲೋ ಮಿಕ್ಕುತ್ತದೆ, ಅದನ್ನು ಯಾರಾದರೂ ಕೊಳ್ಳಲೇಬೇಕು. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಇದಕ್ಕಿಂತ ಕಡಿಮೆಗೆ ಕೊಳ್ಳುವುದು ವ್ಯಾಪಾರಿಗೆ ಅಪರಾಧವಲ್ಲ. ಹಾಗಾಗಿ ಪೇಟೆಯ ದರ ಬಿದ್ದಾಗ, ಖರೀದಿ ಕೇಂದ್ರ ತೆರೆದು ಚೀಲ ತೂಗಿಸಿಕೊಂಡ ರೈತನಿಗಷ್ಟೇ ಆ ಬೆಲೆ ಸಿಗುತ್ತದೆ.