ಹಳೆ ಗಡ್ಡೆ ಮುಗಿದು ಹೊಸ ಗಡ್ಡೆ ಬರುವ ನಡುವೆ

ಬಸವರಾಜು ಚಳ್ಳಕೆರೆ ಕಡೆಯವನು. ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯ ಈರುಳ್ಳಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಗೆಳೆಯ ನರಸಿಂಹ ಅಲ್ಲೇ ಹತ್ತಿರದಲ್ಲಿ ಮೆಸ್ ಇಟ್ಟಿದ್ದಾನೆ. ಹರಾಜು ಮುಗಿದ ಮೇಲೆ ಇಬ್ಬರೂ ಮಾತಿಗೆ ಕೂತಿದ್ದಾರೆ.

ನರಸಿಂಹ: ಹೋದ ತಿಂಗಳು ಕಿಲೋಗೆ 25 ಕೊಟ್ಟೆ, ಇವತ್ತು 60 ಅಂತೀರಿ. ಅಕ್ಕಿ ಬೇಳೆಯೂ ಏರುತ್ತೆ, ಆದರೆ ಹೀಗಲ್ಲ. ನೀವು ಮಂಡಿಯವರೇ ಬಚ್ಚಿಟ್ಟು ಆಟ ಆಡ್ತೀರಿ ಅಂತ ಎಲ್ಲರೂ ಅನ್ನೋದು ಸುಳ್ಳಲ್ಲ ಕಣೋ.

ಬಸವರಾಜು: ಬಚ್ಚಿಡೋರೇ ಇಲ್ಲ ಅಂತ ನಾನೂ ಹೇಳಲ್ಲ. ಆದರೆ ಅಕ್ಕಿ ಒಂದು ವರ್ಷ ಇಟ್ಟರೆ ಹಳೆ ಅಕ್ಕಿ ಅಂತ ಇನ್ನೂ ಎರಡು ಕಾಸು ಜಾಸ್ತಿ ಸಿಗುತ್ತೆ. ಈರುಳ್ಳಿ ಒಂದು ವರ್ಷ ಇಟ್ಟರೆ ಗೊಬ್ಬರ. ಮೊದಲು ಅದು ಯಾವಾಗ ಬರುತ್ತೆ, ಎಷ್ಟು ದಿನ ನಿಲ್ಲುತ್ತೆ ಅಂತ ತಿಳ್ಕೋ. ದೇಶದ ಈರುಳ್ಳಿಯಲ್ಲಿ ಮೂರರಲ್ಲಿ ಎರಡು ಪಾಲು ಹಿಂಗಾರು ಬೆಳೆ. ಮಾರ್ಚ್‌ನಿಂದ ಮೇವರೆಗೆ ಕೀಳ್ತಾರೆ. ಕಿತ್ತ ಮೇಲೆ ಎಲೆ ಸಮೇತ ಕೆಲವು ದಿನ ಒಣಗಿಸಿ, ಕುತ್ತಿಗೆ ಬಾಡಿ ಮುಚ್ಚಿಕೊಂಡ ಮೇಲೆ ಕತ್ತರಿಸಿ, ಗಾಳಿ ಆಡೋ ಶೆಡ್ಡಿನಲ್ಲಿ ಹಾಕ್ತಾರೆ. ಆ ದಾಸ್ತಾನನ್ನೇ ನಾವು ಅಕ್ಟೋಬರ್‌ವರೆಗೆ ತಿನ್ನೋದು. ಆಮೇಲೆ ನಮ್ಮ ಚಿತ್ರದುರ್ಗ, ಗದಗದ ಮುಂಗಾರು ಬೆಳೆ, ಮಹಾರಾಷ್ಟ್ರದ ಮುಂಗಾರು ಬೆಳೆ ಬರಬೇಕು.

ನರಸಿಂಹ: ಆ ಮುಂಗಾರಿನದನ್ನೂ ಶೆಡ್ಡಿಗೆ ಹಾಕಿದರಾಯ್ತಲ್ಲ?

ಬಸವರಾಜು: ನಿಲ್ಲಲ್ಲ. ಈ ಎರಡು ಗಡ್ಡೆ ಕೈಗೆ ತಗೊಂಡು ಕುತ್ತಿಗೆ ಹಿಸುಕಿ ನೋಡು. ಇದು ಹಿಂಗಾರಿನದು, ಕುತ್ತಿಗೆ ಸಣ್ಣ, ಸಿಪ್ಪೆ ಗರಿಗರಿ. ಅದು ಮುಂಗಾರಿನದು, ಕುತ್ತಿಗೆ ದಪ್ಪ, ಹಿಸುಕಿದರೆ ಮೆತ್ತಗೆ ಒಳಕ್ಕೆ ಹೋಗುತ್ತೆ. ಮಳೆಗಾಲದಲ್ಲಿ ಬಲಿತದ್ದು, ಒಣಗಿಸೋಕೆ ಬಿಸಿಲೂ ಸಿಕ್ಕಿರಲ್ಲ. ಕೊಳೆ ಶುರುವಾಗೋದು ಆ ಕುತ್ತಿಗೆಯಿಂದಲೇ. ಅದಕ್ಕೇ ಕಿತ್ತ ವಾರಗಳಲ್ಲೇ ಮಾರಿಬಿಡಬೇಕು.

ನರಸಿಂಹ: ಕೋಲ್ಡ್ ಸ್ಟೋರೇಜ್‌ಗೆ ಹಾಕಿದರೆ?

ಬಸವರಾಜು: ಆಲೂಗಡ್ಡೆ ಥರ ಅಲ್ಲ ಇದು. ಸಾಧಾರಣ ತಂಪಲ್ಲಿ ಈರುಳ್ಳಿ ಬೇಗ ಮೊಳಕೆ ಒಡೆಯುತ್ತೆ. ಸೊನ್ನೆ ಡಿಗ್ರಿ ಹತ್ತಿರ ಇಡಬೇಕು, ಗಾಳಿಯಲ್ಲಿ ತೇವ ಕಮ್ಮಿ ಇರಬೇಕು. ಅಲ್ಲಿಂದ ಹೊರಗೆ ತೆಗೆದ ಕೂಡಲೇ ಮೈಯೆಲ್ಲ ನೀರು ಒಸರುತ್ತೆ, ಕೆಲವೇ ದಿನದಲ್ಲಿ ಮೊಳಕೆ. ಕರೆಂಟ್ ಬಿಲ್ಲು ಬೇರೆ. ಅದಕ್ಕೆ ಹೆಚ್ಚಿನ ರೈತರಿಗೆ ಶೆಡ್ಡೇ ಗತಿ. ಅಲ್ಲಿ ಏಪ್ರಿಲ್‌ನಲ್ಲಿ ಹಾಕಿದ ನೂರು ಕಿಲೋದಲ್ಲಿ ಅಕ್ಟೋಬರ್ ಹೊತ್ತಿಗೆ ಅರವತ್ತೈದು, ಒಮ್ಮೊಮ್ಮೆ ಅರವತ್ತೇ ಉಳಿಯೋದು. ಸ್ವಲ್ಪ ಒಣಗಿ ತೂಕ ಹೋಗುತ್ತೆ, ಸ್ವಲ್ಪ ಮೊಳಕೆ, ಸ್ವಲ್ಪ ಕೊಳೆ. ಈಗ ಲೆಕ್ಕ ಹಾಕು. ಏಪ್ರಿಲ್‌ನಲ್ಲಿ ಕಿಲೋಗೆ 15 ರೂಪಾಯಿ ಅಂದರೆ ನೂರು ಕಿಲೋಗೆ 1500. ಉಳಿದ ಅರವತ್ತು ಕಿಲೋದಲ್ಲೇ ಆ ದುಡ್ಡು ಹುಟ್ಟಬೇಕಾದರೆ ಕಿಲೋ 25ಕ್ಕೆ ಹೋಗಬೇಕು. ಕೊಳೆತದ್ದು ಆರಿಸೋ ಕೂಲಿ, ಬಡ್ಡಿ ಇನ್ನೂ ಸೇರಿಸಿಲ್ಲ.

ನರಸಿಂಹ: ಸರಿ, 25 ಆಯ್ತು. ಅರವತ್ತು ಹೇಗೆ? 2019ರಲ್ಲಿ ನಮ್ಮ ಬೆಂಗಳೂರಲ್ಲೇ 200 ಆಗಿತ್ತಲ್ಲ, ಅದು ಹೇಗೆ?

ಬಸವರಾಜು: ಆ ವರ್ಷದ ಕಥೆ ಕೇಳು. 2018ರಲ್ಲಿ ಮಹಾರಾಷ್ಟ್ರದಲ್ಲಿ ಬರ, ಹಾಗಾಗಿ 2019ರ ಹಿಂಗಾರು ಬೆಳೆ, ಅಂದರೆ ಶೆಡ್ಡಿಗೆ ಹೋಗಬೇಕಾದ ಗಡ್ಡೆಯೇ ಕಮ್ಮಿ. ಆಮೇಲೆ ಮುಂಗಾರು ತಡ ಆಯ್ತು, ನಾಟಿಯೂ ತಡ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಶೆಡ್ಡು ಖಾಲಿಯಾಗ್ತಿದೆ, ಹೊಲದಲ್ಲಿ ಗಡ್ಡೆ ಬಲಿತಿದೆ ಅನ್ನೋ ಹೊತ್ತಿಗೆ ಮಹಾರಾಷ್ಟ್ರದಲ್ಲೂ ನಮ್ಮಲ್ಲೂ ಬಿಡದೆ ಮಳೆ ಹೊಡೀತು. ನಿಂತ ನೀರಲ್ಲಿ ಗಡ್ಡೆ ನೆಲದಲ್ಲೇ ಕೊಳೆಯಿತು. ವರ್ಷದ ಒಟ್ಟು ಇಳುವರಿ ನೋಡಿದರೆ ಆಕಾಶ ಕಳಚಿ ಬಿದ್ದಿರಲಿಲ್ಲ. ಆದರೆ ಪೆಟ್ಟು ಬಿದ್ದದ್ದು ಹಳೇದು ಮುಗಿದು ಹೊಸದು ಬರೋ ಆ ಎರಡು ಮೂರು ತಿಂಗಳಿಗೆ. ಅಲ್ಲಿ ಏಪ್ರಿಲ್‌ನ ಗಡ್ಡೆ ತಂದು ತುಂಬೋಕಾಗಲ್ಲ, ಜನವರಿಯದನ್ನ ಮುಂಚೆ ಕೀಳೋಕಾಗಲ್ಲ.

ನರಸಿಂಹ: ಸರಕು ಕಾಲು ಭಾಗ ಕಮ್ಮಿಯಾದರೆ ಬೆಲೆಯೂ ಕಾಲು ಭಾಗ ತಾನೇ ಏರಬೇಕು?

ಬಸವರಾಜು: ನಿನ್ನ ಮೆಸ್ಸಿನ ಲೆಕ್ಕವನ್ನೇ ಹೇಳು. ದಿನಕ್ಕೆ ಎಷ್ಟು ಬೇಕು?

ನರಸಿಂಹ: ಇಪ್ಪತ್ತು ಕಿಲೋ.

ಬಸವರಾಜು: ಬೆಲೆ ಎರಡರಷ್ಟಾದರೆ?

ನರಸಿಂಹ: ಊಟದ ಜೊತೆ ಹೆಚ್ಚಿ ಕೊಡೋದು ನಿಲ್ಲಿಸ್ತೀನಿ. ಸಾಗು, ಪಲ್ಯಕ್ಕೆ ಹಾಕಲೇಬೇಕು. ಹದಿನೇಳು ಹದಿನೆಂಟಕ್ಕೆ ಇಳಿಸಬಹುದು.

ಬಸವರಾಜು: ಅಲ್ಲೇ ಇರೋದು. ದರ ಎರಡರಷ್ಟಾದರೂ ನೀನು ಬಿಟ್ಟುಕೊಡೋದು ಎರಡು ಮೂರು ಕಿಲೋ. ಮನೆಯವರೂ ಹಾಗೇ, ಒಗ್ಗರಣೆಗೆ ಬದಲಿ ಇಲ್ಲ. ದಿನಾ ನೂರು ಲೋಡ್ ಬೇಕಾದ ಊರಿಗೆ ಎಂಬತ್ತೇ ಬಂದರೆ, ಇಪ್ಪತ್ತು ಲೋಡ್ ಕೊಳ್ಳೋರು ಬೇಡ ಅನ್ನೋವರೆಗೂ ಹರಾಜು ಕೂಗ್ತಾನೇ ಹೋಗುತ್ತೆ. ಯಾರೂ ಸುಲಭಕ್ಕೆ ಬೇಡ ಅನ್ನಲ್ಲ, ಹಾಗಾಗಿ ಬೆಲೆ ಎರಡರಷ್ಟು, ಮೂರರಷ್ಟು ಆದ ಮೇಲೇ ನಿಲ್ಲೋದು. ದರ ಏರ್ತಿದೆ ಅಂತ ಗೊತ್ತಾದ ಮೇಲೆ ಶೆಡ್ಡಲ್ಲಿ ಇರೋರು ಇನ್ನೊಂದು ವಾರ ನೋಡೋಣ ಅಂತ ತಡೀತಾರೆ, ಕೊಳ್ಳೋರು ಒಂದರ ಬದಲು ಎರಡು ಚೀಲ ಒಯ್ತಾರೆ. ನೀನು ಹೇಳೋ ಬಚ್ಚಿಡೋದು ಬರೋದು ಇಲ್ಲಿ. ಬೆಂಕಿ ಹಚ್ಚೋದು ಅವರಲ್ಲ, ಗಾಳಿ ಹಾಕೋದು ಅವರು.

ನರಸಿಂಹ: ಹಾಗಾದರೆ ಬೆಲೆ ಬಿದ್ದಾಗಲೂ ಇದೇ ಲೆಕ್ಕವೇ?

ಬಸವರಾಜು: ಇದೇ ಲೆಕ್ಕ, ತಿರುಗು ಮುರುಗು. ಅಗ್ಗ ಅಂತ ನೀನು ನಲವತ್ತು ಕಿಲೋ ಹಾಕ್ತೀಯಾ? 2023ರ ಫೆಬ್ರವರಿಯಲ್ಲಿ ನಿಲ್ಲದ ಗಡ್ಡೆ ಒಮ್ಮೆಲೇ ಮಾರುಕಟ್ಟೆಗೆ ಬಂದು ಬಿತ್ತು. ಸೊಲ್ಲಾಪುರದಲ್ಲಿ ಒಬ್ಬ ರೈತ 512 ಕಿಲೋ ತಂದ. ಹರಾಜಿನಲ್ಲಿ ಕಿಲೋಗೆ ಒಂದು ರೂಪಾಯಿ. ಗಾಡಿ ಬಾಡಿಗೆ, ಹಮಾಲಿ, ತೂಕದ ಕೂಲಿ ಸೇರಿ 509 ರೂಪಾಯಿ ಚಿಲ್ಲರೆ ಕಳೆದು, ಕೈಗೆ ಬಂದದ್ದು ಎರಡು ರೂಪಾಯಿಯ ಚೆಕ್ಕು. ಬೆಲೆ ಎಷ್ಟೇ ಇಳಿದರೂ ಬಾಡಿಗೆ, ಹಮಾಲಿ ಇಳಿಯಲ್ಲ. ಇಂಥ ಏಟು ತಿಂದವರಲ್ಲಿ ಹಲವರು ಮುಂದಿನ ಸಲ ಈರುಳ್ಳಿ ಕಮ್ಮಿ ಹಾಕ್ತಾರೆ. ದರ ಏರಿದ ವರ್ಷ ಎಲ್ಲರೂ ಹಾಕ್ತಾರೆ. ನಾಟಿಯಿಂದ ಕೀಳೋವರೆಗೆ ಮೂರು ನಾಲ್ಕು ತಿಂಗಳು. ಇವತ್ತಿನ ಬೆಲೆ ನೋಡಿ ಹಾಕಿದ್ದು ನಾಳಿನ ಬೆಲೆಗೆ ಮಾರಬೇಕು.

ನರಸಿಂಹ: ಸರ್ಕಾರ ಸುಮ್ಮನೆ ಇರಲ್ವಲ್ಲ. ರಫ್ತು ನಿಲ್ಲಿಸ್ತಾರೆ, ಹೊರದೇಶದಿಂದ ತರಿಸ್ತಾರೆ.

ಬಸವರಾಜು: 2019ರ ಸೆಪ್ಟೆಂಬರ್ 29ಕ್ಕೇ ರಫ್ತು ನಿಲ್ಲಿಸಿದರು. ಆದರೂ ಡಿಸೆಂಬರ್‌ನಲ್ಲಿ 200 ಆಯ್ತು. ಹೊಲದಲ್ಲಿ ಕೊಳೆತದ್ದು ರಫ್ತು ನಿಲ್ಲಿಸಿದರೆ ಎದ್ದು ಬರುತ್ತಾ? ಟರ್ಕಿ, ಈಜಿಪ್ಟ್‌ನಿಂದ ಹಡಗಲ್ಲಿ ತರಿಸಿದ್ದರ ಬಹುಪಾಲು ಬಂದು ಮುಟ್ಟೋ ಹೊತ್ತಿಗೆ ಇಲ್ಲೇ ಹೊಸ ಗಡ್ಡೆ ಇಳೀತಿತ್ತು, ಕೊನೆಗೆ ನಷ್ಟಕ್ಕೆ ಮಾರಬೇಕಾಯ್ತು. 2023ರಲ್ಲಿ ಸರ್ಕಾರ ಐದು ಲಕ್ಷ ಟನ್ ಮೀಸಲು ದಾಸ್ತಾನಿನ ಗುರಿ ಇಟ್ಕೊಂಡಿತ್ತು. ದೊಡ್ಡದಾಗಿ ಕೇಳಿಸುತ್ತೆ, ದೇಶಕ್ಕೆ ಸುಮಾರು ಹತ್ತು ದಿನದ ಊಟಕ್ಕೆ ಅಷ್ಟು ಬೇಕು. ಆದರೂ ಒಂದೇ ಸಲ ಸುರಿಯದೆ, ಸರಿಯಾದ ವಾರ ಸರಿಯಾದ ಊರಿಗೆ ಬಿಟ್ಟರೆ ದರದ ಬಿಸಿ ಸ್ವಲ್ಪ ಆರುತ್ತೆ. ನನ್ನ ಕೇಳಿದರೆ ರಫ್ತು ನಿಲ್ಲಿಸೋದಕ್ಕಿಂತ ಹಳ್ಳಿಯಲ್ಲಿ ಒಳ್ಳೆ ಶೆಡ್ಡು ಹಾಕೋದಕ್ಕೆ ದುಡ್ಡು ಕೊಡೋದು ಮೇಲು. ನೂರರಲ್ಲಿ ಅರವತ್ತರ ಬದಲು ಎಂಬತ್ತು ಉಳಿದರೆ ಆ ಮೂರು ತಿಂಗಳಿಗೆ ಬೇರೆ ಮದ್ದು ಅಷ್ಟಾಗಿ ಬೇಕಾಗಲ್ಲ.

ನರಸಿಂಹ: ಅಲ್ಲೀವರೆಗೂ ನಾನೇನು ಮಾಡಲಿ?

ಬಸವರಾಜು: ಸೆಪ್ಟೆಂಬರ್ ಬಂದ ಮೇಲೆ ಬೆಂಗಳೂರಿನ ದರ ನೋಡ್ತಾ ಕೂರಬೇಡ, ಚಿತ್ರದುರ್ಗ, ನಾಸಿಕದ ಮಳೆ ಸುದ್ದಿ ನೋಡು. ಅಲ್ಲಿ ವಾರವಿಡೀ ಜಡಿ ಹಿಡಿದರೆ ಕುತ್ತಿಗೆ ಸಣ್ಣ ಇರೋ ಹಳೆ ಗಡ್ಡೆ ಹದಿನೈದು ದಿನಕ್ಕಾಗೋಷ್ಟು ತಗೊಂಡು, ಚೀಲ ಬಿಚ್ಚಿ ಹರವಿ ಇಡು. ಅದಕ್ಕಿಂತ ಜಾಸ್ತಿ ತಗೋಬೇಡ, ಕೊಳೆಯುತ್ತೆ.